ಮಳೆ ಲೆಕ್ಕದ ಎರಡು ಕೆಲಸ, 4 ಜಿಬಿ ಮೆಮೊರಿ: ಸ್ವಾಪ್ ಹಿಗ್ಗಿಸುವುದೋ, ಸರದಿಯಲ್ಲಿ ಓಡಿಸುವುದೋ?

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದ ಹಳೆಯ ಮಳೆ ರಿಜಿಸ್ಟರ್‌ಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಪುಟಗಳವು. ಒಂದು ಪ್ರೋಗ್ರಾಂ ಸ್ಕ್ಯಾನ್ ಮಾಡಿದ ಪುಟಗಳನ್ನು ತಿದ್ದುತ್ತದೆ, ಇನ್ನೊಂದು ಅಂಕಿಗಳನ್ನು ತಾಳೆ ನೋಡುತ್ತದೆ. ಒಂದೊಂದನ್ನೇ ಓಡಿಸಿದರೆ ಮೊದಲನೆಯದಕ್ಕೆ 40 ನಿಮಿಷ, ಎರಡನೆಯದಕ್ಕೆ 30. ಒಂದು ರಾತ್ರಿ ಎರಡನ್ನೂ ಒಟ್ಟಿಗೆ ಹಚ್ಚಿ ಮಲಗಿದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಎರಡೂ ಅರ್ಧಕ್ಕೂ ಬಂದಿರಲಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಕಟಕಟ ಎನ್ನುತ್ತಲೇ ಇತ್ತು.

ತೋಟದ ರೈಟರ್ ಪರದೆ ನೋಡಿ, "ಸರ್, ಸಿಪಿಯು ನೂರಕ್ಕೆ ನಾಲ್ಕರಷ್ಟೂ ದುಡಿಯುತ್ತಿಲ್ಲ. ಬಿಡುವಾಗಿದೆಯಲ್ಲ, ಕೂಲಿ ಪಟ್ಟಿಯನ್ನೂ ಈಗಲೇ ಓಡಿಸಿಬಿಡೋಣವೇ?" ಎಂದರು. 1960ರ ದಶಕದ ಕಂಪ್ಯೂಟರ್‌ಗಳು ಮುಗ್ಗರಿಸಿದ್ದು ಇಲ್ಲಿಯೇ. ಸಿಪಿಯು ಖಾಲಿ ಕುಳಿತಿದೆ ಎಂದು ವ್ಯವಸ್ಥೆ ಇನ್ನೊಂದು ಕೆಲಸವನ್ನು ಒಳಗೆ ಬಿಡುತ್ತಿತ್ತು. ಬಂದದ್ದು ಉಳಿದವುಗಳ ಮೆಮೊರಿ ಪುಟಗಳನ್ನು ಡಿಸ್ಕಿಗೆ ಹೊರದಬ್ಬುತ್ತಿತ್ತು, ಸಿಪಿಯು ಇನ್ನಷ್ಟು ಖಾಲಿಯಾಗುತ್ತಿತ್ತು. ಈ ಕುಸಿತಕ್ಕೆ ಥ್ರ್ಯಾಶಿಂಗ್ ಎಂದು ಹೆಸರು. ಲಿನಕ್ಸ್‌ನಲ್ಲಿ `vmstat 5` ಕೊಟ್ಟರೆ ರೋಗ ಕಾಣುತ್ತದೆ: ಡಿಸ್ಕಿನ ಸ್ವಾಪ್ ಜಾಗದಿಂದ ಒಳಬರುವುದನ್ನು ತೋರಿಸುವ `si`, ಅಲ್ಲಿಗೆ ಹೊರಹೋಗುವುದನ್ನು ತೋರಿಸುವ `so` ಎರಡೂ ಬಿಡದೆ ಓಡುತ್ತಿರುತ್ತವೆ, ಡಿಸ್ಕಿಗಾಗಿ ಕಾಯುವ ಹೊತ್ತಾದ `wa` ಏರಿರುತ್ತದೆ, ಪ್ರೋಗ್ರಾಮುಗಳು ದುಡಿಯುವ ಹೊತ್ತಾದ `us` ನೆಲಕಚ್ಚಿರುತ್ತದೆ. `so` ಒಂದೇ ಆಗಾಗ ಮಿನುಗಿದರೆ ಭಯವಿಲ್ಲ, ಬೇಡದ ಪುಟಗಳು ಹೊರಗೆ ಹೋಗುತ್ತಿವೆ ಅಷ್ಟೆ.

ಕುಸಿತ ಏಕೆ ಅಷ್ಟು ಕಡಿದಾಗಿರುತ್ತದೆ ಎಂಬುದನ್ನು ಕಾಗದದ ಮೇಲೆ ನೋಡಿದಾಗಲೇ ನನಗೆ ಮನದಟ್ಟಾಯಿತು. ಮೊದಲ ಪ್ರೋಗ್ರಾಂ 1, 2, 3 ಎಂಬ ಪುಟಗಳನ್ನು ಸುತ್ತಿ ಸುತ್ತಿ ಮುಟ್ಟುತ್ತದೆ, ಎರಡನೆಯದು 5, 6, 7 ಅನ್ನು. ಒಟ್ಟಿಗೆ ಓಡಿದರೆ ಸಾಲು ಹೀಗೆ:

```
1 5 2 6 3 7 1 5 2 6 3 7 ...
```

ಪುಟವನ್ನು ಒಂದು ಸಲ ಮುಟ್ಟುವುದು ಒಂದು ಉಲ್ಲೇಖ. ಈ ಸಾಲಿನ ಮೇಲೆ ಆರು ಉಲ್ಲೇಖಗಳಷ್ಟು ಅಗಲದ ಕಿಟಕಿಯನ್ನು ಸರಿಸುತ್ತಾ ಹೋಗಿ. ಎಲ್ಲಿ ನಿಲ್ಲಿಸಿದರೂ ಅದರೊಳಗೆ ಆರು ಬೇರೆ ಬೇರೆ ಪುಟಗಳಿರುತ್ತವೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲಿ ವಿವರಿಸಿದ ವರ್ಕಿಂಗ್ ಸೆಟ್ ಎಂದರೆ ಇದೇ, ಆದರೆ ಅವರ ಲೆಕ್ಕದಲ್ಲಿ ಪ್ರತಿ ಪ್ರೋಗ್ರಾಮಿಗೂ ಅದರದೇ ಕಿಟಕಿ: ಇಲ್ಲಿ ತಲಾ ಮೂರು ಪುಟ. ಮೆಮೊರಿಯಲ್ಲಿ ಒಂದೊಂದು ಪುಟ ಹಿಡಿಯುವ ಆರು ಚೌಕಟ್ಟುಗಳಿದ್ದರೆ ಮೊದಲ ಆರು ಸಲ ಮಾತ್ರ ಡಿಸ್ಕಿಗೆ ಹೋಗಬೇಕು. ಒಂದೇ ಒಂದು ಕಡಿಮೆಯಾಗಿ ಐದಾದರೆ? ಬಹಳ ಹೊತ್ತು ಮುಟ್ಟದ ಪುಟವನ್ನು ಹೊರಹಾಕುವ ನಿಯಮದಲ್ಲಿ, ಹೊರಹೋಗುವ ಪುಟವೇ ಮರುಕ್ಷಣ ಬೇಕಾಗುವ ಪುಟ. 600 ಉಲ್ಲೇಖಗಳಿಗೆ 600 ಸಲವೂ ಡಿಸ್ಕ್. ಒಂದು ಸಲಕ್ಕೆ 10 ಮಿಲಿಸೆಕೆಂಡ್ ಎಂದರೂ 6 ಸೆಕೆಂಡ್. ಅದೇ ಐದು ಚೌಕಟ್ಟಿನಲ್ಲಿ ಒಂದಾದ ಮೇಲೊಂದು ಓಡಿಸಿದರೆ ಡಿಸ್ಕಿಗೆ ಹೋಗುವುದು ಆರೇ ಸಲ, 60 ಮಿಲಿಸೆಕೆಂಡ್. ಲಿನಕ್ಸ್ ಈ ನಿಯಮವನ್ನು ಅಂದಾಜಿನಲ್ಲಷ್ಟೇ ಪಾಲಿಸುತ್ತದೆ, ನಿಜವಾದ ಪ್ರೋಗ್ರಾಮುಗಳೂ ಇಷ್ಟು ನೇರವಾಗಿ ಸುತ್ತುವುದಿಲ್ಲ. ಹಾಗಾಗಿ ಅಂಚು ಸ್ವಲ್ಪ ಮೊಂಡಾಗಿರುತ್ತದೆ, ಬೀಳುವುದಂತೂ ತಪ್ಪುವುದಿಲ್ಲ.

ಕಿಟಕಿಯನ್ನು ಯಂತ್ರದಲ್ಲೂ ಇಟ್ಟು ನೋಡಬಹುದು. ಒಂದೇ ಪ್ರೋಗ್ರಾಂ ಓಡುತ್ತಿರುವಾಗ, ಅದರ ಪ್ರಕ್ರಿಯೆ ಸಂಖ್ಯೆ 2417 ಆಗಿದ್ದರೆ:

```
echo 1 > /proc/2417/clear_refs
sleep 10
grep Referenced /proc/2417/smaps_rollup
```

ಹತ್ತು ಸೆಕೆಂಡಿನಲ್ಲಿ ಮುಟ್ಟಿದ ಪುಟಗಳ ಮೊತ್ತ ಬರುತ್ತದೆ. ಸ್ಕ್ಯಾನ್ ತಿದ್ದುವುದಕ್ಕೆ ಎರಡು ಸೆಕೆಂಡಿನ ಕಿಟಕಿಯಲ್ಲಿ 1.4 ಜಿಬಿ, ಹತ್ತರಲ್ಲಿ 2.1, ಅರವತ್ತರಲ್ಲಿ 2.2. ಹತ್ತರ ನಂತರ ಹೆಚ್ಚು ಏರದ ಕಾರಣ ಹತ್ತನ್ನೇ ಹಿಡಿದೆ. ತಾಳೆ ನೋಡುವುದಕ್ಕೆ 1.7. ಸೇರಿದರೆ 3.8. ಉಳಿದೆಲ್ಲ ಕಳೆದು ನನಗಿದ್ದದ್ದು 3.2.

ಮೊದಲು ಸ್ವಾಪ್ ಅನ್ನು 2 ಜಿಬಿಯಿಂದ 8ಕ್ಕೆ ಏರಿಸಿದೆ. ಮೆಮೊರಿ ಸಾಲದೆ ಪ್ರೋಗ್ರಾಂ ಅರ್ಧದಲ್ಲಿ ಸಾಯುವುದು ನಿಂತಿತು, ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಸ್ವಾಪ್ ಎಂದರೆ ಇಡುವ ಜಾಗ, ದುಡಿಯುವ ಜಾಗವಲ್ಲ. ಅದನ್ನೇ ಎಸ್‌ಎಸ್‌ಡಿಗೆ ಸರಿಸಿದಾಗ ಎರಡೂ ಸೇರಿ 2 ಗಂಟೆ 10 ನಿಮಿಷದಲ್ಲಿ ಮುಗಿದವು. ರಾತ್ರಿಯಿಡೀ ಮುಗಿಯದ್ದಕ್ಕೆ ಹೋಲಿಸಿದರೆ ಅದ್ಭುತವೆನಿಸಿತು, ಆದರೂ ಸರದಿಯಲ್ಲಿ ಓಡಿಸಿದರೆ ಹಳೆಯ ಡಿಸ್ಕಿನಲ್ಲೇ 70 ನಿಮಿಷ ಸಾಕು.

ಒಂದು ಪೈಸೆ ಖರ್ಚಿಲ್ಲದ ಸರದಿಯನ್ನೇ ನಾನು ಗೆಲ್ಲಿಸುತ್ತೇನೆ. ಎರಡೂ ಆಗಲೇ ಓಡುತ್ತಿದ್ದರೆ `kill -STOP` ಕೊಟ್ಟು ಒಂದನ್ನು ತಡೆದು, ಇನ್ನೊಂದು ಮುಗಿದ ಮೇಲೆ `kill -CONT` ಕೊಡುತ್ತೇನೆ. ತಡೆದ ಕೆಲಸ ತಾನು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆಮೇಲೆ ಮೆಮೊರಿಯನ್ನು 8 ಜಿಬಿಗೆ ಏರಿಸಿದಾಗ ಎರಡೂ ಒಟ್ಟಿಗೆ 45 ನಿಮಿಷದಲ್ಲಿ ಮುಗಿದವು.

ಸರದಿ ಸೋತದ್ದು ಒಮ್ಮೆ, 4 ಜಿಬಿಯ ದಿನಗಳಲ್ಲೇ. ಮಸುಕಾದ ಪುಟಗಳನ್ನು ಹೆಚ್ಚು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದ್ದರಿಂದ ತಿದ್ದುವ ಪ್ರೋಗ್ರಾಂ ಒಂದಕ್ಕೇ 3.2ಕ್ಕಿಂತ ಹೆಚ್ಚು ಬೇಕಾಯಿತು. ಒಂಟಿಯಾಗಿ ಓಡಿದರೂ ಡಿಸ್ಕ್ ಕಟಕಟ ಎಂದಿತು. ಒಮ್ಮೆಗೆ ಹದಿನಾರು ಸ್ಕ್ಯಾನ್ ಪುಟಗಳ ಬದಲು ನಾಲ್ಕನ್ನೇ ತೆಗೆದುಕೊಳ್ಳುವಂತೆ ಮಾಡಿದ ಮೇಲೆ `si` ಮತ್ತೆ ಸೊನ್ನೆಗೆ ಇಳಿಯಿತು.