‘ಅಂಕ ಏರದಿದ್ದರೆ ಹಣ ವಾಪಸ್’: ಸಹಿ ಹಾಕುವ ಮುನ್ನ ಈ ಲೆಕ್ಕ ನೋಡಿ

ಹಾವೇರಿ, ಗದಗ ಜಿಲ್ಲೆಗಳ ಪ್ರೌಢಶಾಲೆಗಳಿಗೆ ಈಗ ಒಂದು ಕರಪತ್ರ ಬರುತ್ತಿದೆ. ಖಾಸಗಿ ತರಬೇತಿ ಸಂಸ್ಥೆಯೊಂದರದು. ಹೆಸರು ಹೇಳುವುದಿಲ್ಲ, ಯಾಕೆಂದರೆ ಇದೇ ಸರಕನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುವವರು ಹಲವರಿದ್ದಾರೆ. ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ಆರು ವಾರಗಳ ಪರಿಹಾರ ಬೋಧನೆ ಕೊಡುತ್ತಾರಂತೆ. ಸರಾಸರಿ ಅಂಕ ಕನಿಷ್ಠ ಶೇ. 30ರಷ್ಟು ಏರದಿದ್ದರೆ ಪೂರ್ತಿ ಹಣ ವಾಪಸ್. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ಒಂದು ಸಾಲಿದೆ: ‘ಹಾವೇರಿ ಜಿಲ್ಲೆಯ ಶಾಲೆಯೊಂದರಲ್ಲಿ ಶೇ. 48 ಏರಿಕೆ!’

ಆ ಶಾಲೆ ನಾನು ಓದಿದ ಶಾಲೆ. ಹಣ ಕೊಟ್ಟದ್ದು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ: ಮಗುವಿಗೆ 1,800 ರೂಪಾಯಿಯಂತೆ 25 ಮಕ್ಕಳಿಗೆ 45,000 ರೂಪಾಯಿ. ಅರ್ಧ ಮುಂಗಡ, ಉಳಿದರ್ಧ ಫಲಿತಾಂಶ ಬಂದ ಮೇಲೆ. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನಾದ್ದರಿಂದ, ಎರಡನೆಯ ಕಂತು ಬಿಡುಗಡೆ ಮಾಡುವ ಮೊದಲು ಅಂಕಪಟ್ಟಿಯನ್ನು ಒಮ್ಮೆ ನೋಡಿಕೊಡಿ ಎಂದು ಸಂಘದವರು ಕಳುಹಿಸಿದರು. ಪಟ್ಟಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಅಂಕಗಳು ನಿಜವಾಗಿಯೂ ಏರಿದ್ದವು. ಕರಾರಿನ ಪ್ರಕಾರ ಹಣ ಕೊಡಲೇಬೇಕಾಯಿತು, ಕೊಟ್ಟೆವು. ಆ ಹಣದಿಂದ ಮಕ್ಕಳಿಗೆ ಸಿಕ್ಕಿದ್ದೇನು ಎಂದು ಕೇಳಿದರೆ ತೋರಿಸಲು ಹೆಚ್ಚೇನೂ ಇಲ್ಲ.

ನಡೆದದ್ದು ಇಷ್ಟು. ಸಂಸ್ಥೆಯವರು ಒಂಬತ್ತನೇ ತರಗತಿಯ 118 ಮಕ್ಕಳಿಗೆ 25 ಅಂಕಗಳ ಬಹು ಆಯ್ಕೆಯ ಪರೀಕ್ಷೆ ಕೊಟ್ಟರು. ಇಡೀ ತರಗತಿಯ ಸರಾಸರಿ 12.5. ಒಂಬತ್ತು ಅಥವಾ ಅದಕ್ಕಿಂತ ಕಡಿಮೆ ಪಡೆದ 36 ಮಕ್ಕಳನ್ನು ಹಿಂದುಳಿದವರೆಂದು ಗುರುತಿಸಿದರು. ಅವರಲ್ಲಿ 11 ಮಕ್ಕಳು ದೂರದ ಹಳ್ಳಿಗಳವರು. ಶಾಲೆ ಬಿಟ್ಟ ಮೇಲೆ ಕೂತರೆ ಊರಿನ ಬಸ್ ತಪ್ಪುತ್ತದೆ. ಹಾಗಾಗಿ ತರಬೇತಿಗೆ ಸೇರಿದವರು 25 ಮಂದಿ. ಅವರ ಮೊದಲ ಸರಾಸರಿ 6.1. ಆರು ವಾರಗಳ ನಂತರ ಅದೇ ಮಟ್ಟದ ಇನ್ನೊಂದು ಪ್ರಶ್ನೆಪತ್ರಿಕೆ ಕೊಟ್ಟಾಗ ಸರಾಸರಿ 9.0. ಏರಿಕೆ 2.9 ಅಂಕ, ಅಂದರೆ ಶೇ. 48. ಕರಪತ್ರದ ಅಂಕಿ ಬಂದದ್ದು ಇಲ್ಲಿಂದ.

ಸಂಸ್ಥೆಯವರಿಗೆ ಎರಡನೆಯ ಪರೀಕ್ಷೆಗೆ ಬೇಕಾಗಿದ್ದದ್ದು ಆ 25 ಮಕ್ಕಳು ಮಾತ್ರ. ಆದರೆ ನಮ್ಮ ಗಣಿತದ ಗುರುಗಳು ಕೆಲವರನ್ನಷ್ಟೇ ಬೇರೆ ಕೂರಿಸುವ ರಗಳೆ ಬೇಡವೆಂದು ಪ್ರಶ್ನೆಪತ್ರಿಕೆಯನ್ನು ಜೆರಾಕ್ಸ್ ಮಾಡಿಸಿ ಇಡೀ ತರಗತಿಗೆ ಕೊಟ್ಟುಬಿಟ್ಟಿದ್ದರು. ಆ ಕಟ್ಟು ಸಿಬ್ಬಂದಿ ಕೊಠಡಿಯ ಬೀರುವಿನಲ್ಲೇ ಇತ್ತು. ಬಸ್ಸಿನ ಕಾರಣಕ್ಕೆ ಒಂದು ದಿನವೂ ತರಬೇತಿಗೆ ಕೂರದ ಆ 11 ಮಕ್ಕಳ ಹಾಳೆಗಳನ್ನು ತೆಗೆದು ಕೂಡಿಸಿದೆ. ಮೊದಲ ಸರಾಸರಿ 6.2, ಎರಡನೆಯದು 8.7.

“ಏನಪ್ಪಾ, ಹಾಗಾದರೆ ಮಕ್ಕಳ ಅಂಕ ಏರಿದ್ದೇ ಸುಳ್ಳೇ?” ಎಂದರು ಗುರುಗಳು.

“ಏರಿದ್ದು ಸುಳ್ಳಲ್ಲ ಗುರುಗಳೇ. ತರಬೇತಿಗೆ ಬಾರದವರದ್ದೂ ಏರಿದೆ, ಅಷ್ಟೇ.”

ಇದಕ್ಕೆ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಒಂದು ದಿನದ ಪರೀಕ್ಷೆಯ ಅಂಕದಲ್ಲಿ ಮಗುವಿಗೆ ಗೊತ್ತಿರುವ ಪಾಠವೂ ಇರುತ್ತದೆ, ಆ ದಿನದ ಅದೃಷ್ಟವೂ ಇರುತ್ತದೆ. ನಾಲ್ಕು ಆಯ್ಕೆಗಳ 25 ಪ್ರಶ್ನೆಗಳಿಗೆ ಏನೂ ಓದದೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಆರು ಅಂಕ ಬರುತ್ತದೆ. ಹಾಗೆ ಊಹಿಸಿದವರಲ್ಲಿ ಒಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ಎಂಟು ಬರುವುದು ತೀರಾ ಸಾಮಾನ್ಯ. ಅದರ ಮೇಲೆ ಜ್ವರ, ನಿದ್ದೆಗೇಡು, ಹಿಂದಿನ ದಿನ ಹೊಲದಲ್ಲಿ ಗೋವಿನಜೋಳ ಮುರಿದ ದಣಿವು. ಒಬ್ಬ ಹುಡುಗಿಯ ಹಾಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂರನೇ ಪ್ರಶ್ನೆಯ ಉತ್ತರವನ್ನು ನಾಲ್ಕನೇ ಸಾಲಿನಲ್ಲಿ ತುಂಬಿ, ಅಲ್ಲಿಂದ ಕೊನೆಯವರೆಗೂ ಒಂದೊಂದು ಸಾಲು ಕೆಳಗೆ ಜಾರಿದ್ದಾಳೆ. ಅಂಕ 4. ಎರಡನೆಯ ಸಲ ಸಾಲು ತಪ್ಪಲಿಲ್ಲ, ಅಂಕ 13. ಸಂಸ್ಥೆಯವರು ಆಕೆಯ ತಂದೆಯನ್ನು ಕರೆಸಿ, ಮಗಳ ಜೊತೆ ನಿಲ್ಲಿಸಿ, ಫೋಟೊ ತೆಗೆಸಿಕೊಂಡರು.

ಕೆಟ್ಟ ದಿನಗಳು ಎಲ್ಲರಿಗೂ ಬರುತ್ತವೆ. ಆದರೆ ಒಂಬತ್ತು ಮತ್ತು ಅದಕ್ಕಿಂತ ಕೆಳಗಿನವರನ್ನೇ ಹೆಕ್ಕಿ ತೆಗೆದರೆ, ಅಂದು ಗ್ರಹಚಾರ ಕೆಟ್ಟವರು ಆ ಗುಂಪಿನಲ್ಲಿ ತಮ್ಮ ಪಾಲಿಗಿಂತ ಹೆಚ್ಚಾಗಿ ಸೇರಿಕೊಳ್ಳುತ್ತಾರೆ. ಮುಂದಿನ ಪರೀಕ್ಷೆಯಲ್ಲಿ ಅವರ ಪಾಠದ ತಿಳಿವಳಿಕೆ ಹಾಗೇ ಉಳಿಯುತ್ತದೆ, ಗ್ರಹಚಾರ ಮಾತ್ರ ಎಲ್ಲರಂತೆ ಹಂಚಿಹೋಗುತ್ತದೆ. ಯಾರೂ ಏನೂ ಕಲಿಸದಿದ್ದರೂ ಗುಂಪಿನ ಸರಾಸರಿ ಏರಲೇಬೇಕು.

ಎಷ್ಟು ಏರುತ್ತದೆ ಎಂಬುದನ್ನೂ ಮೊದಲೇ ಹೇಳಬಹುದು. ಅದಕ್ಕೆ ಬೇಕಾದದ್ದು ಎರಡು ಪರೀಕ್ಷೆಗಳ ನಡುವಿನ ಸಹಸಂಬಂಧ, ಅಂದರೆ ಒಂದರ ಅಂಕ ಇನ್ನೊಂದರ ಅಂಕದ ಜೊತೆ ಎಷ್ಟು ಹೊಂದಿಕೊಂಡು ಹೋಗುತ್ತದೆ ಎಂಬುದರ ಅಳತೆ. ಕಳೆದ ವರ್ಷದ ಒಂಬತ್ತನೇ ತರಗತಿಯ ಎರಡು ಘಟಕ ಪರೀಕ್ಷೆಗಳ ಅಂಕಗಳನ್ನು ಎಕ್ಸೆಲ್‌ನ ಎರಡು ಕಾಲಂಗಳಲ್ಲಿ ಹಾಕಿ ಇದನ್ನು ಟೈಪ್ ಮಾಡಿದೆ:

```
=CORREL(B2:B121,C2:C121)
```

ಬಂದದ್ದು ಸುಮಾರು 0.6. ಇನ್ನು ಲೆಕ್ಕ ಸುಲಭ. ಆಯ್ಕೆಯಾದ ಮಕ್ಕಳು ತರಗತಿಯ ಸರಾಸರಿಗಿಂತ 6.4 ಅಂಕ ಕೆಳಗಿದ್ದರು (12.5ರಿಂದ 6.1 ಕಳೆಯಿರಿ). ಎರಡೂ ಪರೀಕ್ಷೆಗಳ ಸರಾಸರಿಯೂ ಹರವೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಎರಡನೆಯ ಸಲ ಆ ಅಂತರದಲ್ಲಿ 0.6 ಭಾಗ ಮಾತ್ರ ಉಳಿಯುತ್ತದೆ, ಅಂದರೆ 3.8. ಹಾಗಾದರೆ ಯಾರೂ ಏನೂ ಮಾಡದೆ ಅವರು ತಲುಪಬೇಕಾದ ಸರಾಸರಿ 8.7. ಬಸ್ಸಿನ ಮಕ್ಕಳು ತಲುಪಿದ್ದು ಅಲ್ಲಿಗೇ. 45,000 ರೂಪಾಯಿಯ ಮಕ್ಕಳು ತಲುಪಿದ್ದು 9.0.

ಈಗ ಆ ‘ಹಣ ವಾಪಸ್’ ಷರತ್ತನ್ನು ಮತ್ತೊಮ್ಮೆ ಓದಿ. ಶೇ. 30 ಏರಿಕೆ ಎಂದರೆ 6.1ರಿಂದ 7.9ಕ್ಕೆ. ತರಬೇತುದಾರರು ಆರು ವಾರ ಬಂದು ಮೊಬೈಲ್ ನೋಡುತ್ತಾ ಕೂತಿದ್ದರೂ 8.7ರ ಆಸುಪಾಸು ಬರುತ್ತಿತ್ತು. ಹಣ ವಾಪಸ್ ಕೊಡುವ ಪ್ರಸಂಗವೇ ಬಾರದಂತೆ ಷರತ್ತು ಬರೆದಾಗಿತ್ತು. ಅದನ್ನು ತಿಳಿದೇ ಬರೆದರೋ, ತಾವೂ ನಂಬಿಕೊಂಡು ಬರೆದರೋ, ಅದು ಅವರಿಗೇ ಗೊತ್ತು. ನಂಬಿಕೊಂಡಿದ್ದಾರೆ ಎಂದೇ ನನ್ನ ಅನಿಸಿಕೆ, ಮತ್ತು ಅಂಥವರೇ ಹೆಚ್ಚು ಅಪಾಯ.

ತರಬೇತಿಯ ಗುಂಪು ಬಸ್ಸಿನ ಗುಂಪಿಗಿಂತ 0.3 ಮೇಲಿದೆಯಲ್ಲ, ಅಷ್ಟಾದರೂ ಲಾಭವಲ್ಲವೇ ಎಂದು ಸಂಘದಲ್ಲಿ ಒಬ್ಬರು ಕೇಳಿದರು. ಇರಬಹುದು, ಇಲ್ಲದಿರಬಹುದು. ಹನ್ನೊಂದೇ ಮಕ್ಕಳ ಗುಂಪಿನಲ್ಲಿ ಒಬ್ಬನೇ ಒಬ್ಬ ನಾಲ್ಕು ಅಂಕ ಹೆಚ್ಚು ತೆಗೆದರೆ ಆ 0.3 ಮಾಯವಾಗುತ್ತದೆ. ಬಸ್ಸಿನ ಮಕ್ಕಳು ಬೇರೆ ಹಳ್ಳಿಗಳವರು, ಅವರ ಮನೆಯ ಪರಿಸ್ಥಿತಿಯೂ ಬೇರೆ. ಇದು ಅಚ್ಚುಕಟ್ಟಾದ ಹೋಲಿಕೆ ಅಲ್ಲ. ಪರಿಹಾರ ಬೋಧನೆಯಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ಅಂಕಿಗಳಿಂದ ಅದು ಗೊತ್ತಾಗುವುದಿಲ್ಲ ಎನ್ನುತ್ತಿದ್ದೇನೆ.

ಕಟ್ಟಿನ ಇನ್ನೊಂದು ತುದಿಯನ್ನೂ ನೋಡಿದೆ. ಮೊದಲ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದ 30 ಮಕ್ಕಳ ಸರಾಸರಿ 19.2 ಇದ್ದದ್ದು ಎರಡನೆಯದರಲ್ಲಿ 16.8ಕ್ಕೆ ಇಳಿದಿತ್ತು. ಅವರಿಗೆ ಮೊದಲ ದಿನ ಗ್ರಹಚಾರ ಚೆನ್ನಾಗಿತ್ತು, ಅಷ್ಟೇ ವಿಷಯ. ಈ ಇಳಿಕೆಯನ್ನು ಕೇಳಿದ ಸಂಸ್ಥೆಯ ಪ್ರತಿನಿಧಿ ಒಂದು ಕ್ಷಣವೂ ತಡವರಿಸಲಿಲ್ಲ. “ನೋಡಿ ಸರ್, ಜಾಣ ಮಕ್ಕಳನ್ನು ನಿರ್ಲಕ್ಷಿಸಿದರೆ ಹೀಗೆಯೇ ಆಗುವುದು. ಅವರಿಗಾಗಿ ನಮ್ಮಲ್ಲಿ ಬೇರೆ ಪ್ಯಾಕೇಜ್ ಇದೆ” ಎಂದರು. ಮಗುವಿಗೆ 2,200 ರೂಪಾಯಿ.

ಇದು ಹಳ್ಳಿಯ ಶಾಲೆಗೆ ಮಾತ್ರ ಆಗುವ ಮೋಸವಲ್ಲ, ಸರ್ಕಾರಗಳೂ ಇದರಲ್ಲಿ ಎಡವಿವೆ. ಚಿಲಿ ದೇಶದಲ್ಲಿ 1990ರಲ್ಲಿ ಪಿ-900 ಎಂಬ ಯೋಜನೆ ಬಂತು. 1988ರ ನಾಲ್ಕನೇ ತರಗತಿಯ ಪರೀಕ್ಷೆಯಲ್ಲಿ ಶಾಲಾ ಸರಾಸರಿ ಕಡಿಮೆ ಇದ್ದ ಸುಮಾರು 900 ಶಾಲೆಗಳನ್ನು ಆರಿಸಿ ಪುಸ್ತಕ, ಶಿಕ್ಷಕರ ತರಬೇತಿ, ಶಾಲೆ ಬಿಟ್ಟ ಮೇಲಿನ ಪಾಠ ಎಲ್ಲವನ್ನೂ ಕೊಟ್ಟರು. ಆ ಶಾಲೆಗಳ ಅಂಕ ಉಳಿದ ಶಾಲೆಗಳಿಗಿಂತ ವೇಗವಾಗಿ ಏರಿತು. 2005ರಲ್ಲಿ ಚೇ, ಮೆಕ್‌ಈವನ್, ಉರ್ಕಿಯೋಲಾ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ಮತ್ತೆ ಅಳೆದರು. ಆಯ್ಕೆಯ ಗೆರೆಗಿಂತ ಒಂದಿಷ್ಟೇ ಕೆಳಗಿದ್ದು ಯೋಜನೆಗೆ ಸೇರಿದ ಶಾಲೆಗಳನ್ನು, ಒಂದಿಷ್ಟೇ ಮೇಲಿದ್ದು ಸೇರದೆ ಉಳಿದ ಶಾಲೆಗಳ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಬಗೆಯ ಶಾಲೆಗಳ ಗ್ರಹಚಾರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಉಳಿಯುವ ವ್ಯತ್ಯಾಸ ಯೋಜನೆಯದ್ದು. 1990ರವರೆಗಿನ ಏರಿಕೆಯಲ್ಲಿ ಯೋಜನೆಯ ಪಾಲು ಕಾಣಲೇ ಇಲ್ಲ. 1992ರ ಹೊತ್ತಿಗೆ, ಅಂಕಗಳ ಹರವನ್ನು ಅಳೆಯುವ ಮಾನಕ ವಿಚಲನೆಯ ಸುಮಾರು ಐದನೇ ಒಂದು ಭಾಗದಷ್ಟು ಸಾಧಾರಣ ಲಾಭ ಕಂಡಿತು. ಮಕ್ಕಳ ಸಂಖ್ಯೆ ಕಡಿಮೆ ಇದ್ದಷ್ಟೂ ಶಾಲೆಯ ಸರಾಸರಿ ಹೆಚ್ಚು ಓಲಾಡುತ್ತದೆ ಎಂಬುದನ್ನೂ ಅವರು ತೋರಿಸಿದರು. ಹದಿನೈದು ಮಕ್ಕಳು ಎಸ್‌ಎಸ್‌ಎಲ್‌ಸಿಗೆ ಕೂರುವ ಶಾಲೆಯಲ್ಲಿ ಇಬ್ಬರು ಫೇಲಾದರೆ ಫಲಿತಾಂಶ ಶೇ. 13 ಕುಸಿಯುತ್ತದೆ. ಮರುವರ್ಷ ಚೇತರಿಸಿಕೊಂಡರೆ ಕೀರ್ತಿ, ಫಲಿತಾಂಶ ಕುಸಿದದ್ದಕ್ಕೆ ಶಾಲೆಗೆ ನೋಟಿಸ್ ಕೊಟ್ಟವರಿಗೆ.

ನಿಮ್ಮ ಶಾಲೆಗೂ ಇಂಥವರು ಬಂದರೆ, ಮೊದಲು ಹಳೆಯ ಅಂಕಪಟ್ಟಿಯಲ್ಲಿ ಒಂದು ಕೆಲಸ ಮಾಡಿ. ಯಾವ ತರಬೇತಿಯೂ ನಡೆಯದ ವರ್ಷದ ಎರಡು ಪರೀಕ್ಷೆಗಳನ್ನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಕೊನೆಯ ಮೂರನೇ ಒಂದು ಭಾಗದ ಮಕ್ಕಳನ್ನು ಗುರುತಿಸಿ, ಅದೇ ಮಕ್ಕಳ ಎರಡನೆಯ ಸರಾಸರಿ ಬರೆದುಕೊಳ್ಳಿ. ನಮ್ಮಲ್ಲಿ ಅದು 6.8ರಿಂದ 9.3ಕ್ಕೆ ಏರಿತ್ತು. ಪುಕ್ಕಟೆ ಏರಿಕೆ ಎಷ್ಟೆಂಬುದು ಅಲ್ಲಿಯೇ ಗೊತ್ತಾಗುತ್ತದೆ, ಸೂತ್ರವೂ ಬೇಡ.

ಎರಡನೆಯದಾಗಿ, ಮಕ್ಕಳನ್ನು ಆರಿಸಿದ ಪರೀಕ್ಷೆಯ ಅಂಕವನ್ನೇ ‘ಮೊದಲಿನ ಅಂಕ’ ಎಂದು ಒಪ್ಪಬೇಡಿ. ಆರಿಸಿದ ಮೇಲೆ, ಪಾಠ ಶುರುವಾಗುವ ಮುನ್ನ, ಇನ್ನೊಂದು ಪರೀಕ್ಷೆ ಕೊಡಿ. ಮರಳುವಿಕೆಯ ಬಹುಪಾಲು ಆ ಎರಡರ ನಡುವೆಯೇ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಿನ ಏರಿಕೆಯನ್ನು ಅಳೆಯಿರಿ. ಇಡೀ ತರಗತಿಗೆ ಆ ಅವಧಿಯಲ್ಲಿ ಶಾಲೆಯ ಪಾಠದಿಂದಲೇ ಬಂದ ಏರಿಕೆ ಇದರಿಂದ ಬೇರ್ಪಡುವುದಿಲ್ಲ, ಅದಕ್ಕೆ ಚೀಟಿ ಎತ್ತುವುದೇ ದಾರಿ. ಆಯ್ಕೆಯಾದ 36 ಹೆಸರುಗಳನ್ನು ಡಬ್ಬಿಗೆ ಹಾಕಿ, 18 ಮಕ್ಕಳಿಗೆ ಈ ಅವಧಿಯಲ್ಲಿ, ಉಳಿದ 18 ಮಕ್ಕಳಿಗೆ ಮುಂದಿನ ಅವಧಿಯಲ್ಲಿ. ಯಾವ ಮಗುವಿಗೂ ತರಬೇತಿ ತಪ್ಪುವುದಿಲ್ಲ, ಈ ನಡುವೆ ಎರಡೂ ಗುಂಪುಗಳನ್ನು ಒಂದೇ ಪ್ರಶ್ನೆಪತ್ರಿಕೆಯಲ್ಲಿ ಹೋಲಿಸಬಹುದು. ಅಷ್ಟು ಚಿಕ್ಕ ಗುಂಪಿನಲ್ಲಿ ಅರ್ಧ ಅಂಕದ ಲಾಭ ಕಾಣಿಸದು, ನಾಲ್ಕೈದು ಶಾಲೆಗಳು ಒಟ್ಟಿಗೆ ಮಾಡಿದರೆ ಒಂದು ಅಂದಾಜು ಸಿಕ್ಕೀತು. ಕರಾರಿನಲ್ಲಿ ಹಣವನ್ನು ಏರಿಕೆಗೆ ಕಟ್ಟಬೇಡಿ, ಈ ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕೆ ಕಟ್ಟಿ.

ಜಾಣ ಮಕ್ಕಳ ಪ್ಯಾಕೇಜಿಗೆ ಈ ಷರತ್ತನ್ನೇ ಬರೆದು ಕಳುಹಿಸಿದೆವು. ತಮ್ಮ ವಿಧಾನದಲ್ಲಿ ಚೀಟಿ ಎತ್ತುವ ಪದ್ಧತಿ ಇಲ್ಲವೆಂದು ಪ್ರತಿನಿಧಿ ಫೋನಿನಲ್ಲಿ ತಿಳಿಸಿದರು. ಕರಪತ್ರದಿಂದ ಆ ಶೇ. 48ರ ಸಾಲನ್ನು ತೆಗೆಯಲು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಅದನ್ನು ಯಾರಾದರೂ ನಿಮ್ಮ ಮುಂದೆ ಹಿಡಿದರೆ, ಬಸ್ಸಿಗೆ ಹೋದ 11 ಮಕ್ಕಳ ಅಂಕ ಎಷ್ಟಿತ್ತು ಎಂದು ಕೇಳಿ.