‘ಬಗ್ಗೆ’, ‘ಅತಿ ತುರ್ತು’, ‘ಒಪ್ಪಿಗೆ ಬೇಕು’: ಒಂದೇ ಇ-ಮೇಲ್‌ಗೆ ಬರೆದು ನೋಡಿದ ವಿಷಯದ ಸಾಲುಗಳು

ಒಂದು ತಿಂಗಳಲ್ಲಿ ಟಿಡಿಎಸ್, ಅಂದರೆ ನಾವು ಕೊಡುವ ಹಣದಲ್ಲಿ ಮೊದಲೇ ಹಿಡಿದುಕೊಂಡ ಆದಾಯ ತೆರಿಗೆಯನ್ನು, ಸರ್ಕಾರಕ್ಕೆ ಕಟ್ಟಲು ಮುಂದಿನ ತಿಂಗಳ 7 ಕೊನೆಯ ದಿನ. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯವಿದೆ. ನಾನು ಸಣ್ಣ ಕಾರ್ಖಾನೆಯೊಂದರ ಅಕೌಂಟ್ಸ್‌ನಲ್ಲಿದ್ದೇನೆ. ಚಲನ್ ಸಿದ್ಧ ಮಾಡಿ ಬ್ಯಾಂಕಿನ ಪೋರ್ಟಲ್‌ನಲ್ಲಿ ಪಾವತಿ ನಮೂದಿಸುವವರೆಗೆ ನನ್ನ ಕೆಲಸ. ನಮ್ಮ ನಿರ್ದೇಶಕರು ತಮ್ಮ ಲಾಗಿನ್‌ನಿಂದ ಒಪ್ಪಿಗೆ ಕೊಟ್ಟರೆ ಮಾತ್ರ ಹಣ ಹೋಗುತ್ತದೆ. ಅವರು ಮೇಲ್ ನೋಡುವುದು ಫೋನಿನಲ್ಲಿ, ಒಂದು ಮೀಟಿಂಗಿನಿಂದ ಇನ್ನೊಂದಕ್ಕೆ ಹೋಗುವಾಗ.

ತಡವಾದರೆ ಆಗುವ ನಷ್ಟ ಕಣ್ಣಿಗೆ ಕಾಣುವಂಥದ್ದು. ಹಿಡಿದ ಟಿಡಿಎಸ್ ಸಮಯಕ್ಕೆ ಕಟ್ಟದಿದ್ದರೆ ಹಿಡಿದ ದಿನದಿಂದಲೇ ತಿಂಗಳಿಗೆ ಶೇಕಡಾ 1.5 ಬಡ್ಡಿ ಬೀಳುತ್ತದೆ, ಅದರಲ್ಲೂ ತಿಂಗಳ ಒಂದು ತುಣುಕನ್ನೂ ಪೂರ್ತಿ ತಿಂಗಳೆಂದೇ ಎಣಿಸುತ್ತಾರೆ. 2025ರ ಜೂನ್ 3ರಂದು ಹಿಡಿದ ₹80,000ವನ್ನು ಜುಲೈ 7ರ ಬದಲು 8ರಂದು ಕಟ್ಟಿದರೆ ಎರಡು ತಿಂಗಳ ಬಡ್ಡಿ, ಅಂದರೆ ₹2,400. ಒಂದು ದಿನದ ತಡಕ್ಕೆ ಇಷ್ಟು. ಹಾಗಾಗಿ ತಿಂಗಳು ತಿಂಗಳೂ ಹೋಗುವ ಇದೇ ಮೇಲ್‌ಗೆ ಬೇರೆ ಬೇರೆ ರೀತಿಯ ಸಬ್ಜೆಕ್ಟ್ ಲೈನ್ ಬರೆದು, ಯಾವುದಕ್ಕೆ ಮರುಫೋನ್ ಮಾಡದೆ ಕೆಲಸ ಆಗುತ್ತದೆ ಎಂದು ನೋಡುತ್ತಾ ಬಂದೆ. ಇಲ್ಲಿನ ಉದಾಹರಣೆಗಳೆಲ್ಲ ಆ ಜೂನ್ ತಿಂಗಳ ಲೆಕ್ಕದಲ್ಲೇ ಇವೆ. ಜುಲೈ 7 ಸೋಮವಾರ ಬಿದ್ದಿತ್ತು, ನನಗೆ ಒಪ್ಪಿಗೆ ಬೇಕಿದ್ದದ್ದು 4ನೇ ತಾರೀಕು ಶುಕ್ರವಾರ.

ಮೊದಲನೆಯದು ನಾವೆಲ್ಲ ಶಾಲೆಯಲ್ಲಿ ಪತ್ರಲೇಖನಕ್ಕೆಂದು ಕಲಿತ ರೂಪ:

ಜೂನ್ ಮಾಹೆಯ ಟಿಡಿಎಸ್ ಪಾವತಿಯ ಬಗ್ಗೆ

ಕಚೇರಿ ಪತ್ರದಲ್ಲಿ ಈ ‘ಬಗ್ಗೆ’, ‘ಕುರಿತು’ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಟಪಾಲಿಗೆ ಬಂದ ಕಾಗದ ಯಾವ ಶಾಖೆಗೆ, ಯಾವ ಕಡತಕ್ಕೆ ಸೇರಬೇಕು ಎಂದು ತಿಳಿಯಲು ವಿಷಯದ ಹೆಸರು ಸಾಕು. ಏನು ಮಾಡಬೇಕೆಂಬುದನ್ನು ಓದಿ ಟಿಪ್ಪಣಿ ಹಾಕಲು ಅಲ್ಲಿ ಬೇರೊಬ್ಬರು ಇರುತ್ತಾರೆ. ಮೇಲ್‌ನಲ್ಲಿ ಆ ಬೇರೊಬ್ಬರು ಇಲ್ಲ. ನಿರ್ದೇಶಕರಿಗೆ ಈ ಸಾಲು ಕಂಡಾಗ ‘ಸರಿ, ಕಟ್ಟಿದ್ದಾರೆ, ತಿಳಿಸಿದ್ದಾರೆ’ ಎಂದು ಅನ್ನಿಸುವುದಕ್ಕೂ ಜಾಗವಿದೆ, ‘ನನ್ನಿಂದ ಏನೋ ಬೇಕು’ ಎಂದು ಅನ್ನಿಸುವುದಕ್ಕೂ ಜಾಗವಿದೆ. ಬಿಡುವಿಲ್ಲದವರು ಸಹಜವಾಗಿ ಮೊದಲನೆಯದನ್ನೇ ನಂಬುತ್ತಾರೆ. ಈ ಸಾಲು ಹಾಕಿದ ತಿಂಗಳುಗಳಲ್ಲೆಲ್ಲ ಕೊನೆಗೆ ಫೋನ್ ಮಾಡಲೇಬೇಕಾಯಿತು. ಆರು ತಿಂಗಳ ನಂತರ ಹಳೆಯ ಮೇಲ್ ಹುಡುಕುವಾಗ ಮಾತ್ರ ಇದರಷ್ಟು ಬೇಗ ಸಿಗುವುದು ಬೇರೊಂದಿಲ್ಲ.

ಎರಡನೆಯದು ಅತಿ ತುರ್ತು: ಟಿಡಿಎಸ್. ಇದನ್ನು ಹೆಚ್ಚು ಪರೀಕ್ಷಿಸಬೇಕಾಗಲಿಲ್ಲ. ಮೇಲ್ ಬೇಗ ತೆರೆಯುತ್ತಾರೆ, ನಿಜ. ಆದರೆ ತುರ್ತು ಎಂದರೆ ಈ ಗಂಟೆಯೋ ಈ ವಾರವೋ ಗೊತ್ತಾಗುವುದಿಲ್ಲ. ಖರೀದಿ ವಿಭಾಗದವರೂ ಅತಿ ತುರ್ತು ಬರೆಯುತ್ತಾರೆ, ಸ್ಟೋರ್ಸ್‌ನವರೂ ಬರೆಯುತ್ತಾರೆ. ಎಲ್ಲವೂ ತುರ್ತಾದಾಗ ಮೇಲೆ ಕಂಡದ್ದನ್ನು ಮೊದಲು ತೆರೆಯುತ್ತಾರೆ, ಅಷ್ಟೇ.

ಮೂರನೆಯದರ ಮೇಲೆ ನನಗೆ ತುಂಬ ಭರವಸೆಯಿತ್ತು. ಕೆಲಸ, ಗಡುವು, ಜಾಗ ಎಲ್ಲವೂ ಇರುವ ಪೂರ್ಣ ವಾಕ್ಯ:

ಜೂನ್ ತಿಂಗಳ ಟಿಡಿಎಸ್ ಚಲನ್ ಪಾವತಿಗೆ ಶುಕ್ರವಾರ ಮಧ್ಯಾಹ್ನ 3ರೊಳಗೆ ಬ್ಯಾಂಕ್ ಪೋರ್ಟಲ್‌ನಲ್ಲಿ ದಯವಿಟ್ಟು ಒಪ್ಪಿಗೆ ಕೊಡಿ

ಕಂಪ್ಯೂಟರಿನಲ್ಲಿ ಓದಿದರೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಫೋನಿನಲ್ಲಿ ಕಂಡದ್ದು ‘ಜೂನ್ ತಿಂಗಳ ಟಿಡಿಎಸ್ ಚಲನ್ ಪಾವ…’ ಅಷ್ಟೇ. ಅಂದರೆ ಸುತ್ತಿ ಬಳಸಿ ಮತ್ತೆ ‘ಬಗ್ಗೆ’ಗೇ ಬಂದು ನಿಂತಿತು. ಕನ್ನಡದಲ್ಲಿ ಬರೆಯುವವರು ಇದನ್ನು ಗಮನಿಸಲೇಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಫೋನು ಸಾಲನ್ನು ಕತ್ತರಿಸುವುದೂ ಕೊನೆಯಿಂದಲೇ. ಓದುಗರು ಮಾಡಬೇಕಾದ ಕೆಲಸವೇ ಮೊದಲು ಕತ್ತರಿಗೆ ಸಿಗುತ್ತದೆ. ಅದರ ಮೇಲೆ, ಒತ್ತು, ದೀರ್ಘ ಸೇರಿ ನಮ್ಮ ಅಕ್ಷರಗಳು ಅಗಲ, ಇಂಗ್ಲಿಷಿನ ಸಾಲಿಗಿಂತ ಬೇಗ ಜಾಗ ಮುಗಿಯುತ್ತದೆ. ಮರ್ಯಾದೆಗೆಂದು ಹಾಕಿದ ‘ದಯವಿಟ್ಟು’ ಮೇಲ್‌ನ ಒಳಗಿದ್ದರೆ ಸಾಕು. ಸಾಲು ಬರೆದ ಮೇಲೆ ಒಮ್ಮೆ ನಮ್ಮ ವಿಳಾಸಕ್ಕೇ ಕಳಿಸಿ, ಫೋನ್ ಲಾಕ್ ಆಗಿರುವಾಗ ಎಷ್ಟು ಕಾಣುತ್ತದೆ ಎಂದು ನೋಡುವುದು ಒಳ್ಳೆಯದು. ಅಕ್ಷರ ಎಣಿಸುವುದಕ್ಕಿಂತ ಅದು ಹೆಚ್ಚು ನಂಬಿಕೆಯ ಅಳತೆ.

ನಾಲ್ಕನೆಯದು ಆವರಣದ ಗುರುತು. ಅಮೆರಿಕದ ಸೈನ್ಯದಲ್ಲಿ ವಿಷಯದ ಸಾಲಿನ ಮೊದಲ ಪದದಲ್ಲೇ ಇದು ಕ್ರಮಕ್ಕೋ, ಸಹಿಗೋ, ತೀರ್ಮಾನಕ್ಕೋ, ಬರೀ ಮಾಹಿತಿಗೋ ಎಂದು ದೊಡ್ಡಕ್ಷರದಲ್ಲಿ ಬರೆಯುವ ಪದ್ಧತಿ ಇದೆ. ಅದೇ ದಾರಿಯಲ್ಲಿ:

[ಒಪ್ಪಿಗೆ] ಜೂನ್ ಟಿಡಿಎಸ್ ಪಾವತಿ
[ಮಾಹಿತಿ] ಜೂನ್ ಟಿಡಿಎಸ್ ಚಲನ್ ಪ್ರತಿ

ಇದರ ನಿಜವಾದ ಬೆಲೆ ಎರಡನೆಯ ಸಾಲಿನಲ್ಲಿದೆ. ‘ಮಾಹಿತಿ’ ಎಂದು ಪ್ರಾಮಾಣಿಕವಾಗಿ ಬರೆದು, ಒಳಗೆ ಯಾವ ಕೆಲಸವನ್ನೂ ಬಚ್ಚಿಡದಿದ್ದರೆ, ‘ಒಪ್ಪಿಗೆ’ ಎಂದಾಗ ಜನ ನಂಬುತ್ತಾರೆ. ಆದರೆ ಗುರುತುಗಳು ಮೂರು ನಾಲ್ಕಕ್ಕೆ ನಿಲ್ಲಬೇಕು, ಕಚೇರಿಯವರೆಲ್ಲ ಒಂದೇ ಅರ್ಥದಲ್ಲಿ ಬಳಸಬೇಕು. ಹೊರಗಿನವರಿಗೆ ಕಳಿಸುವಾಗ ಇನ್ನೊಂದು ತೊಡಕು: ಎಷ್ಟೋ ಸಂಸ್ಥೆಗಳ ಸರ್ವರ್ ಹೊರಗಿನಿಂದ ಬಂದ ಮೇಲ್‌ನ ಮುಂದೆ ತಾನಾಗಿಯೇ [EXTERNAL] ಎಂದು ಸೇರಿಸುತ್ತದೆ. ನಮ್ಮ ಲೆಕ್ಕಪರಿಶೋಧಕರ ಫೋನಿನಲ್ಲಿ ಎರಡು ಆವರಣಗಳೇ ಅರ್ಧ ಜಾಗ ನುಂಗಿದ್ದವು. ಗಡುವು ಎಲ್ಲೂ ಕಾಣುತ್ತಿರಲಿಲ್ಲ.

ಐದನೆಯದು ಈಗ ನಾನು ಬಳಸುತ್ತಿರುವುದು:

ಒಪ್ಪಿಗೆ ಬೇಕು, ಶುಕ್ರ 4 ಜುಲೈ ಮಧ್ಯಾಹ್ನ 3: ಜೂನ್ ಟಿಡಿಎಸ್ ₹80,000

ವಾಕ್ಯವನ್ನು ಮುರಿದು, ಕೊನೆಯಲ್ಲಿ ಬರಬೇಕಾದ ಕೆಲಸವನ್ನು ಮೊದಲಿಗೆ ತಂದಿದ್ದೇನೆ. ನಂತರ ಗಡುವು, ಆಮೇಲೆ ವಿಷಯ. ಎಲ್ಲಿ ಕತ್ತರಿಸಿದರೂ ಉಳಿಯುವ ತುಂಡಿಗೆ ಅರ್ಥವಿದೆ. ‘ಒಪ್ಪಿಗೆ ಬೇಕು, ಶುಕ್ರ’ ಎಂದಷ್ಟೇ ಕಂಡರೂ ಓದುಗರಿಗೆ ತಮ್ಮ ಪಾತ್ರ ತಿಳಿಯುತ್ತದೆ. ಮೊತ್ತ ಹಾಕಲು ಕಾರಣ, ಪೋರ್ಟಲ್‌ನಲ್ಲಿ ಒಪ್ಪಿಗೆಗೆ ಕಾದಿರುವ ಹಲವು ಪಾವತಿಗಳಲ್ಲಿ ಇದು ಯಾವುದು ಎಂದು ಅವರು ಗುರುತು ಹಿಡಿಯುವುದು ಅದರಿಂದಲೇ. ಇದನ್ನು ಶುರು ಮಾಡಿದ ಮೇಲೆ ಹೆಚ್ಚಿನ ತಿಂಗಳು ಗುರುವಾರವೇ ಒಪ್ಪಿಗೆ ಬಂದಿರುತ್ತದೆ, ಮೇಲ್‌ಗೆ ಉತ್ತರವೂ ಇರುವುದಿಲ್ಲ, ಬೇಕಾಗಿಯೂ ಇಲ್ಲ.

ಗಡುವನ್ನು ಬರೆಯುವ ರೀತಿಯಲ್ಲೂ ಪೈಪೋಟಿಯಿದೆ, ಅಲ್ಲಿನ ವ್ಯತ್ಯಾಸ ನಾನು ಎಣಿಸಿದ್ದಕ್ಕಿಂತ ದೊಡ್ಡದು. ‘ನಾಳೆ’ ಎಂದು ಗುರುವಾರ ಬರೆದದ್ದನ್ನು ಅವರು ಶುಕ್ರವಾರ ಬೆಳಿಗ್ಗೆ ಓದಿದರೆ ಅದು ಶನಿವಾರವಾಗುತ್ತದೆ. ‘ಶುಕ್ರವಾರದೊಳಗೆ’ ಎಂದರೆ ಶುಕ್ರವಾರವೂ ಸೇರಿತೇ, ಗುರುವಾರಕ್ಕೇ ಮುಗಿಯಿತೇ ಎಂಬುದು ಓದುವವರ ಅನುಕೂಲಕ್ಕೆ ಬಿಟ್ಟದ್ದು. ‘ದಿನದ ಕೊನೆಗೆ’ ಎಂದರೆ ನನಗೆ ಐದೂವರೆ, ಅವರಿಗೆ ರಾತ್ರಿ ಮಲಗುವ ಮುನ್ನ. ‘4/7’ ನಮ್ಮಲ್ಲಿ ಜುಲೈ 4, ಅಮೆರಿಕದಲ್ಲಿರುವ ಪಾಲುದಾರರಿಗೆ ಏಪ್ರಿಲ್ 7. ವಾರ, ತಾರೀಕು, ತಿಂಗಳ ಹೆಸರು, ಗಂಟೆ ನಾಲ್ಕನ್ನೂ ಬರೆದರೆ ಈ ಎಲ್ಲ ಅನುಮಾನವೂ ಹೋಗುತ್ತದೆ. ವಾರ ಮತ್ತು ತಾರೀಕು ಎರಡೂ ಇರುವುದರಿಂದ ನಾನೇ ತಪ್ಪು ಟೈಪ್ ಮಾಡಿದರೂ ಒಂದು ಇನ್ನೊಂದನ್ನು ಹಿಡಿದುಕೊಡುತ್ತದೆ. ಹೊರದೇಶದಲ್ಲಿರುವವರಿಗಾದರೆ ‘ಭಾರತದ ಸಮಯ’ ಎಂದು ಸೇರಿಸುತ್ತೇನೆ.

ಯಾವ ದಿನವನ್ನು ಬರೆಯಬೇಕು ಎಂಬುದು ಬೇರೆಯೇ ಪ್ರಶ್ನೆ. ಸರ್ಕಾರದ ಗಡುವು 7, ನನ್ನದು 4. 7 ಎಂದು ಬರೆದರೆ 7ರ ಸಂಜೆ ಬ್ಯಾಂಕಿನ ಸರ್ವರ್ ಕೈಕೊಟ್ಟಾಗ ದಾರಿಯಿಲ್ಲ. ‘4 ಕೊನೆಯ ದಿನ’ ಎಂದು ಬರೆದರೆ, ನಿಜವಾದ ಕೊನೆಯ ದಿನ 7 ಎಂದು ಗೊತ್ತಿರುವ ನಿರ್ದೇಶಕರು ನನ್ನ ಯಾವ ತಾರೀಕನ್ನೂ ಮುಂದೆ ನಂಬುವುದಿಲ್ಲ. ಸಾಲಿನಲ್ಲಿ 4 ಇಟ್ಟು, ಮೇಲ್‌ನ ಮೊದಲ ವಾಕ್ಯದಲ್ಲೇ ಎರಡನ್ನೂ ಹೇಳುವುದು ನನಗೆ ಸರಿಕಂಡ ದಾರಿ: ‘ಕಟ್ಟಲು ಕೊನೆಯ ದಿನ ಸೋಮವಾರ 7. ನಡುವೆ ಶನಿವಾರ, ಭಾನುವಾರ ನೀವು ಊರಲ್ಲಿ ಇರುವುದಿಲ್ಲವಾದ್ದರಿಂದ ಶುಕ್ರವಾರ ಕೇಳುತ್ತಿದ್ದೇನೆ, ಸರ್.’ ಕಾರಣ ತಿಳಿದಾಗ ಜನ ಬೇಗ ಮಾಡಿಕೊಡುತ್ತಾರೆ.

ಗಡುವು ಮುಂದೆ ಹೋದಾಗ ಹಳೆಯ ಮೇಲ್‌ಗೇ ಉತ್ತರ ಬರೆಯುವುದು, ಹೊಸ ಸಾಲು ಹಾಕಿ ಹೊಸ ಮೇಲ್ ಕಳಿಸುವುದು, ಎರಡನ್ನೂ ಹೋಲಿಸಿದೆ. ಉತ್ತರವಾಗಿ ಕಳಿಸಿದರೆ ಒಳಗೆ ಸೋಮವಾರ ಎಂದಿದ್ದರೂ ಮೇಲೆ Re: ಜೊತೆ ಶುಕ್ರವಾರವೇ ಕೂತಿರುತ್ತದೆ. ಜಿಮೇಲ್‌ನಲ್ಲಿ ವಿಷಯ ಬದಲಿಸಿದರೆ ಅದು ಹೊಸ ಸಂಭಾಷಣೆಯಾಗಿ ನಿಲ್ಲುತ್ತದೆ, ಹಳೆಯ ಮಾತುಕತೆ ಬೇರೆಯಾಗುತ್ತದೆ. ಆ ನಷ್ಟವಾದರೂ ಸರಿ, ಹೊಸ ಗಡುವು, ಸೋಮ 7 ಜುಲೈ ಬೆಳಿಗ್ಗೆ 11 ಎಂದು ಹೊಸದಾಗಿಯೇ ಕಳಿಸಿ, ಹಿಂದಿನದರ ಮುಖ್ಯ ಅಂಶವನ್ನು ಒಳಗೆ ಒಂದು ಸಾಲಿನಲ್ಲಿ ಬರೆಯುತ್ತೇನೆ. ಹಣ ಹೋದ ಮೇಲೆ ತಿಳಿಸುವುದೂ ಹಾಗೆಯೇ. ಅದೇ ಎಳೆಯಲ್ಲಿ ಚಲನ್ ಲಗತ್ತಿಸಿದರೆ ಅವರ ಫೋನಿನಲ್ಲಿ ಮತ್ತೆ ‘ಒಪ್ಪಿಗೆ ಬೇಕು’ ಎಂದೇ ಮಿನುಗುತ್ತದೆ.

ಐದನೆಯ ರೂಪಕ್ಕೂ ಹೊಂದದ ಜಾಗಗಳಿವೆ. ಒಂದೇ ಮೇಲ್‌ನಲ್ಲಿ ಸ್ಟೋರ್ಸ್‌ನವರು ಬಿಲ್ ಕಳಿಸಬೇಕು, ನಿರ್ದೇಶಕರು ಒಪ್ಪಬೇಕು ಎಂದಿದ್ದರೆ ಯಾವ ಸಾಲು ಬರೆದರೂ ಇಬ್ಬರಲ್ಲಿ ಒಬ್ಬರು ಅದು ತಮಗಲ್ಲ ಎಂದುಕೊಳ್ಳುತ್ತಾರೆ. ಅಂಥದ್ದನ್ನು ಎರಡು ಮೇಲ್ ಮಾಡುತ್ತೇನೆ. ಸಂಬಳದ ವಿಚಾರವಿದ್ದಾಗ ಮೊತ್ತವನ್ನೂ ಹೆಸರನ್ನೂ ಸಾಲಿನಿಂದ ತೆಗೆಯುತ್ತೇನೆ. ಮೀಟಿಂಗಿನ ಮೇಜಿನ ಮೇಲೆ ಇಟ್ಟ ಫೋನಿನ ಲಾಕ್ ಪರದೆಯನ್ನು ಪಕ್ಕದವರೂ ಓದುತ್ತಾರೆ. ಅಲ್ಲಿ ಒಪ್ಪಿಗೆ ಬೇಕು, ಬುಧ 30 ಜುಲೈ ಬೆಳಿಗ್ಗೆ 11: ವೇತನ ಪಟ್ಟಿ ಎಂದಷ್ಟೇ ಇರುತ್ತದೆ. ಉಳಿದದ್ದು ಪಾಸ್‌ವರ್ಡ್ ಹಾಕಿದ ಲಗತ್ತಿನೊಳಗೆ.