ವಿಕ್ಸ್ ಫಿಲ್ಟರ್ ನಂಬಿ ವಾರಾಂತ್ಯ ದಾಟಿಸಿದ ಪೊಸಿಷನ್: ನನಗೆ ಬಿದ್ದ ಪೆಟ್ಟು ನಿಮಗೆ ಬೀಳದಿರಲಿ

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಸಂಜೆ ಲೋಡಿನ ಬಿಲ್ಲು ಮುಗಿದ ಮೇಲೆ ನಿಫ್ಟಿ ಆಪ್ಷನ್ ಶೀಟು ಬಿಚ್ಚಿಕೊಂಡು ಕೂರುವ ಚಟ ನಾಲ್ಕೈದು ವರ್ಷದ್ದು. ಕಳೆದುಕೊಂಡ ದುಡ್ಡಿನ ಬಗ್ಗೆ ಬರೆಯಲು ನಾಚಿಕೆಯೇ. ಆದರೆ ಹಳೆಯ ಅಂಕಿಗಳ ಮೇಲೆ ತಂತ್ರ ಓಡಿಸಿ ನೋಡುವ ಬ್ಯಾಕ್‌ಟೆಸ್ಟ್‌ನಲ್ಲಿ ನಾನು ಮಾಡಿದ ತಪ್ಪನ್ನೇ ಇನ್ನೂ ಮೂವರು ಗೆಳೆಯರ ಬಳಿ ನೋಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂತ್ರ ಸರಳ. ಮಧ್ಯಾಹ್ನ 3:20ಕ್ಕೆ ನಿಫ್ಟಿಯ ಮೇಲೆ 500 ಪಾಯಿಂಟು ದೂರದ, ನಿಫ್ಟಿ ಏರಿದರೆ ದುಬಾರಿಯಾಗುವ ಕಾಲ್, ಕೆಳಗೆ 500 ಪಾಯಿಂಟು ದೂರದ, ಬಿದ್ದರೆ ದುಬಾರಿಯಾಗುವ ಪುಟ್, ಎರಡನ್ನೂ ಮಾರುವುದು. ಮರುದಿನ ಮಾರುಕಟ್ಟೆ ತೆರೆದ ಮೇಲೆ 9:20ಕ್ಕೆ ಎರಡನ್ನೂ ವಾಪಸ್ ಕೊಳ್ಳುವುದು. ರಾತ್ರಿ ಏನೂ ಆಗದಿದ್ದರೆ ಪ್ರೀಮಿಯಂ, ಅಂದರೆ ಆಪ್ಷನ್ನಿನ ಬೆಲೆ, ಒಂದಿಷ್ಟು ಕರಗಿರುತ್ತದೆ, ಅಷ್ಟು ನನ್ನದು. ಏನಾದರೂ ಆದರೆ ನಷ್ಟ. ಫಿಲ್ಟರ್ ಇಲ್ಲದೆ ಓಡಿಸಿದರೆ ತಿಂಗಳುಗಟ್ಟಲೆ ಕೂಡಿಸಿದ್ದನ್ನು ಒಂದೇ ಬೆಳಿಗ್ಗೆ ಕಕ್ಕಿಸುತ್ತಿತ್ತು.

ಅದಕ್ಕೆ ಎಲ್ಲರೂ ಹೇಳುವ ಮದ್ದನ್ನೇ ಹಾಕಿದೆ: ಮಾರುಕಟ್ಟೆ ಶಾಂತವಾಗಿದ್ದಾಗ ಮಾತ್ರ ತಂತ್ರ ಚಾಲೂ, ಕೆರಳಿದಾಗ ಬಂದ್. ಶಾಂತಿಯ ಅಳತೆಗೆ ಇಂಡಿಯಾ ವಿಕ್ಸ್. ಎನ್‌ಎಸ್‌ಇ ಇದನ್ನು ನಿಫ್ಟಿ ಆಪ್ಷನ್‌ಗಳ ಬೆಲೆಯಿಂದಲೇ ಲೆಕ್ಕ ಹಾಕುತ್ತದೆ. ಮುಂದಿನ 30 ದಿನ ನಿಫ್ಟಿ ಎಷ್ಟು ತೂಗಾಡಬಹುದು ಎಂದು ಮಾರುಕಟ್ಟೆ ಅಂದುಕೊಂಡಿದೆಯೋ ಅದರ ವಾರ್ಷಿಕ ಶೇಕಡಾವಾರು ಅಂಕಿ. ದಿನದ ಲೆಕ್ಕ ಬೇಕಿದ್ದರೆ 16ರಿಂದ ಭಾಗಿಸಿ. ವಿಕ್ಸ್ 14 ಇದ್ದರೆ ದಿನಕ್ಕೆ ಹೆಚ್ಚುಕಡಿಮೆ 0.9%. ವಿಕ್ಸ್ ಎಷ್ಟರ ಕೆಳಗಿದ್ದರೆ ಮಾರಬೇಕು ಎಂದು ನೋಡಲು ನಾನು 12ರಿಂದ 20ರವರೆಗೆ ಅರ್ಧರ್ಧ ಏರಿಸುತ್ತ 17 ಗೆರೆಗಳನ್ನು ಪರೀಕ್ಷಿಸಿದೆ. 15ರಲ್ಲಿ ಲಾಭದ ಗ್ರಾಫು ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯಂತೆ ನೆಟ್ಟಗೆ ಬಂತು. (ಮಳೆಗಾಲದ ರಸ್ತೆಯಲ್ಲ.) ದೊಡ್ಡ ಗುಂಡಿಗಳೆಲ್ಲ ಮಾಯ. 2024ರ ಆಗಸ್ಟ್ 5, ಜಪಾನಿನ ನಿಕ್ಕೆ ಒಂದೇ ದಿನ 12% ಬಿದ್ದ ಸೋಮವಾರ, ಅವತ್ತೂ ಫಿಲ್ಟರ್ ನನ್ನನ್ನು ಹೊರಗೆ ಇಟ್ಟಿತ್ತು. ಆ ಸಾಲು ನೋಡಿಯೇ ನನಗೆ ಪೂರ್ತಿ ನಂಬಿಕೆ ಬಂದದ್ದು.

ಆ ನಂಬಿಕೆಯಲ್ಲಿ 2025ರ ಏಪ್ರಿಲ್ 4, ಶುಕ್ರವಾರ ಮಧ್ಯಾಹ್ನ ಎರಡು ಲಾಟ್ ಮಾರಿದೆ. ನಿಫ್ಟಿ ಅವತ್ತು 22,904ರಲ್ಲಿ ಮುಗಿಯಿತು, ವಿಕ್ಸ್ 13.76. ಅಮೆರಿಕದ ಸುಂಕದ ಘೋಷಣೆ ಆಗಿ ಎರಡು ದಿನ ಆಗಿತ್ತು, ನಿಫ್ಟಿ ಅವತ್ತೇ ಒಂದೂವರೆ ಶೇಕಡಾ ಬಿದ್ದಿತ್ತು, ಆದರೂ ವಿಕ್ಸ್ 15ರ ಕೆಳಗೇ ಇತ್ತಲ್ಲ, ಫಿಲ್ಟರ್ ಹಸಿರು. 22,400 ಪುಟ್ ಮತ್ತು 23,400 ಕಾಲ್, ಎರಡೂ ಸೇರಿ 60 ರೂಪಾಯಿ. ಆಗ ಒಂದು ಲಾಟಿಗೆ 75 ಯೂನಿಟ್, ಎರಡು ಲಾಟಿಗೆ 150. ಕೈಗೆ ಬಂದದ್ದು 9,000.

ಅದೇ ಸಂಜೆ ಚೀನಾ ಎದುರು ಸುಂಕ ಹಾಕಿತು, ರಾತ್ರಿ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಸುಮಾರು 6% ಕುಸಿಯಿತು. ನಮ್ಮ ಮಾರುಕಟ್ಟೆ ಬಾಗಿಲು ಹಾಕಿತ್ತು, ನಾನು ಮಾಡುವಂಥದ್ದು ಏನೂ ಇರಲಿಲ್ಲ. ಭಾನುವಾರ ರಾಮನವಮಿ. ಮನೆಯವರ ಜೊತೆ ಅಂಜನಾದ್ರಿಗೆ ಹೋಗಿದ್ದೆ, ಪಾನಕ ಗಂಟಲಲ್ಲಿ ಇಳಿಯಲಿಲ್ಲ. ಸೋಮವಾರ ನಿಫ್ಟಿ ತೆರೆದದ್ದು 21,758ಕ್ಕೆ. ಒಂದೇ ಏಟಿಗೆ 1,146 ಪಾಯಿಂಟು ಕೆಳಗೆ. ವಿಕ್ಸ್ 13.76ರ ಪ್ರಕಾರ ಒಂದು ದಿನದ ಸಹಜ ಅಲುಗಾಟ 200 ಪಾಯಿಂಟು. ನನ್ನ 500 ಪಾಯಿಂಟಿನ ದೂರ ನನಗೆ ಕೋಟೆಯಂತೆ ಕಂಡಿತ್ತು. ಪುಟ್ 700ಕ್ಕೆ, ಕಾಲ್ 5ಕ್ಕೆ ಕೊಂಡು ಹೊರಬಂದೆ. 705ರಲ್ಲಿ 60 ಕಳೆದರೆ 645, ಗುಣಿಸು 150. ತೊಂಬತ್ತಾರು ಸಾವಿರದ ಏಳುನೂರ ಐವತ್ತು ರೂಪಾಯಿ.

ಇಲ್ಲಿವರೆಗೂ ಇದು ದುರದೃಷ್ಟದ ಕಥೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ವಾರದ ಕೊನೆಗೆ ಏಪ್ರಿಲ್ 7ರ ಅಂಕಿಯನ್ನೂ ಶೀಟಿಗೆ ಸೇರಿಸಿ ಬ್ಯಾಕ್‌ಟೆಸ್ಟ್ ಮತ್ತೆ ಓಡಿಸಿದೆ. ಗ್ರಾಫಿನಲ್ಲಿ ನಷ್ಟವೇ ಇಲ್ಲ! ನನ್ನ ಖಾತೆಯಿಂದ ಹೋದ ದುಡ್ಡು ನನ್ನದೇ ಬ್ಯಾಕ್‌ಟೆಸ್ಟ್‌ನಲ್ಲಿ ಹೋಗಿರಲಿಲ್ಲ. ಏಪ್ರಿಲ್ 7ರ ಸಾಲಿನಲ್ಲಿ ಫಿಲ್ಟರ್ ‘ಬಂದ್’ ಅಂತ ಇತ್ತು.

ನಮ್ಮ ಕಾಕಾನ ಮಗಳು ತೋರಣಗಲ್ಲಿನ ಒಂದು ಕಂಪನಿಯಲ್ಲಿ ಡೇಟಾ ಕೆಲಸ ಮಾಡುತ್ತಾಳೆ. ಷೇರಿನ ಗಂಧಗಾಳಿ ಇಲ್ಲ. ಅವಳಿಗೆ ಕೋಡು ಕಳಿಸಿದೆ. ಅರ್ಧ ತಾಸಿಗೆ ಫೋನು.

“ಅಣ್ಣಾ, ಈ ಸಾಲಿನ್ಯಾಗ ಲಾಭ-ನಷ್ಟ ಎಷ್ಟು ಹೊತ್ತಿಗೆ ಗೊತ್ತಾಗತೈತಿ?”

“ಮುಂಜಾನೆ 9:20ಕ್ಕ.”

“ಮತ್ತ ಈ ವಿಕ್ಸ್ ಅಂಕಿ ಎಷ್ಟು ಹೊತ್ತಿಂದು?”

ನನ್ನ ಬಾಯಿ ಕಟ್ಟಿತು. ಅದು ಕ್ಲೋಸ್. ಮಧ್ಯಾಹ್ನ 3:30ರದ್ದು.

ನಾನು ಬರೆದಿದ್ದ ಸಾಲು ಇದು:

```python
df["on"] = df["vix_close"] < 15
df["net"] = df["pnl"] * df["on"]
```

ಶೀಟಿನ ಒಂದೊಂದು ಸಾಲಿಗೂ ಒಂದು ತಾರೀಖು. ಆ ತಾರೀಖಿನ ಬೆಳಿಗ್ಗೆ ಮುಚ್ಚಿದ ವ್ಯವಹಾರದ ಲಾಭ-ನಷ್ಟ, ಪಕ್ಕದಲ್ಲಿ ಅದೇ ತಾರೀಖಿನ ವಿಕ್ಸ್ ಕ್ಲೋಸ್. ನೋಡಲು ಎಷ್ಟು ಒಪ್ಪವಾಗಿದೆ! ಆದರೆ ವ್ಯವಹಾರ ಶುರುವಾದದ್ದು ಹಿಂದಿನ ಮಧ್ಯಾಹ್ನ, ಮುಗಿದದ್ದು ಬೆಳಿಗ್ಗೆ. ವಿಕ್ಸ್ ಕ್ಲೋಸ್ ಹುಟ್ಟುವುದು ಅದಾದ ಆರು ತಾಸಿಗೆ. ಏಪ್ರಿಲ್ 7ರಂದು ವಿಕ್ಸ್ ಮುಗಿದದ್ದು 22.79ಕ್ಕೆ. ಅದು 15ಕ್ಕಿಂತ ಹೆಚ್ಚು, ಆದ್ದರಿಂದ ಕೋಡು ‘ಅವತ್ತು ನಾನು ಮಾರಿರಲೇ ಇಲ್ಲ’ ಎಂದು ಬರೆದುಕೊಂಡಿತು. ವಿಕ್ಸ್ ಏರಿದ್ದೇ ನನ್ನನ್ನು ಮುಳುಗಿಸಿದ ಆ ಕುಸಿತದಿಂದ. ಪರೀಕ್ಷೆ ಮುಗಿದ ಮೇಲೆ ಉತ್ತರ ನೋಡಿ, ತಪ್ಪಾದ ಪ್ರಶ್ನೆಗಳನ್ನು ‘ಬರೆದೇ ಇಲ್ಲ’ ಅಂತ ಹೊಡೆದುಹಾಕಿದ ಹಾಗೆ. ನಾನು ಹೆಮ್ಮೆಪಟ್ಟಿದ್ದ ಆಗಸ್ಟ್ 5ರ ಸಾಲೂ ಅದೇ: ಹಿಂದಿನ ಶುಕ್ರವಾರ ವಿಕ್ಸ್ 14.3, ಸೋಮವಾರದ ಕೊನೆಗೆ 20.4. ಶುಕ್ರವಾರ ಮಧ್ಯಾಹ್ನ ನಿಜವಾದ ಫಿಲ್ಟರ್ ‘ಮಾರು’ ಅನ್ನುತ್ತಿತ್ತು.

ಸರಿ ಮಾಡಲು ಬೇಕಾದದ್ದು ಒಂದು ಪದ:

```python
df["on"] = df["vix_close"].shift(1) < 15
```

ಇದೂ ಹತ್ತು ನಿಮಿಷ ಮುಂದೆ ಇಣುಕುತ್ತದೆ, ಯಾಕೆಂದರೆ ಮಾರುವುದು 3:20ಕ್ಕೆ, ಕ್ಲೋಸ್ 3:30ಕ್ಕೆ. ನಾನೀಗ 3:15ರ ಅಂಕಿಯನ್ನೇ ಬೇರೆ ಕಾಲಂ ಮಾಡಿದ್ದೇನೆ. ಸರಿಪಡಿಸಿದ ಮೇಲೆ ನೋಡಿದರೆ ಫಿಲ್ಟರ್ ಇದ್ದ ಗ್ರಾಫಿಗೂ ಇಲ್ಲದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯಲಿಲ್ಲ. ಎಲ್ಲ ಗುಂಡಿಗಳೂ ವಾಪಸ್. ಫಿಲ್ಟರಿನ ಪೂರ್ತಿ ಪುಣ್ಯ ಆರೇಳು ಸಾಲುಗಳಿಂದ ಬಂದಿತ್ತು, ಆರೇಳೂ ಕದ್ದ ಸಾಲುಗಳು.

ನಿಮ್ಮ ಬಳಿ ಇಂಥ ಫಿಲ್ಟರ್ ಇದ್ದರೆ ಹಿಡಿಯುವುದು ಕಷ್ಟವಲ್ಲ. ಫಿಲ್ಟರಿಗೆ ಒಂದು ದಿನ ಹಿಂದಿನ ಅಂಕಿ ಕೊಟ್ಟು, ಮತ್ತೆ ಓಡಿಸಿ. ಮಾರುಕಟ್ಟೆ ಶಾಂತವಾಗಿದೆಯೋ ಕೆರಳಿದೆಯೋ ಅನ್ನುವ ಹದ ವಾರಗಟ್ಟಲೆ ಇರುವಂಥದ್ದಾದರೆ, ಒಂದು ದಿನ ತಡವಾಗಿ ಗೊತ್ತಾದರೂ ಅದರ ಪ್ರಯೋಜನ ಬಹುಪಾಲು ಉಳಿಯಬೇಕು. ಒಂದು ದಿನ ಸರಿಸಿದ್ದಕ್ಕೇ ಗ್ರಾಫು ಕುಸಿದುಬಿದ್ದರೆ, ನಿಮ್ಮ ಫಿಲ್ಟರ್ ಹದ ನೋಡುತ್ತಿಲ್ಲ, ಆ ದಿನದ ಫಲಿತಾಂಶವನ್ನೇ ನೋಡುತ್ತಿದೆ. ಜೊತೆಗೆ 14.5 ಮತ್ತು 15.5ರಲ್ಲೂ ಓಡಿಸಿ. ನನ್ನ ತಪ್ಪು ಶೀಟಿನಲ್ಲಿ ಇವೂ ಚೆನ್ನಾಗಿಯೇ ಬರುತ್ತಿದ್ದವು, ಹಾಗಾಗಿ ಈ ಎರಡನೇ ಪರೀಕ್ಷೆಯೊಂದನ್ನೇ ನಂಬಬೇಡಿ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ವಿಕ್ಸ್ ಕೈಕೊಟ್ಟರೇನು, ಟ್ರೆಂಡ್ ನೋಡೋಣ ಎಂದು ನಿಫ್ಟಿಯ 20 ದಿನದ ಸರಾಸರಿಯ ದಿಕ್ಕು ಸೇರಿಸಿದೆ: ಸರಾಸರಿ ಏರುತ್ತಿದ್ದರೆ ಮಾತ್ರ ಪುಟ್ ಮಾರು. ಈ ಸಲ ಮೊದಲು ಏಪ್ರಿಲ್ 4ನ್ನೇ ಕೈಯಾರೆ ಲೆಕ್ಕ ಹಾಕಿದೆ. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. 20 ದಿನದ ಸಾದಾ ಸರಾಸರಿ ಒಂದು ದಿನದಲ್ಲಿ ಎಷ್ಟು ಏರುತ್ತದೆ? ಹೊಸ ದಿನ ಒಳಗೆ ಬರುತ್ತದೆ, 20 ವಹಿವಾಟು ದಿನ ಹಿಂದಿನದು ಹೊರಗೆ ಬೀಳುತ್ತದೆ, ನಡುವಿನ 19 ಹಾಗೇ ಇರುತ್ತವೆ. ಅಂದರೆ ಸರಾಸರಿಯ ಒಂದು ದಿನದ ಏರಿಕೆ ಇಷ್ಟೇ:

```
(P[t] - P[t-20]) / 20
```

ಏಪ್ರಿಲ್ 4ಕ್ಕೆ 20 ವಹಿವಾಟು ದಿನ ಹಿಂದೆ ಅಂದರೆ ಮಾರ್ಚ್ 5. ಅವತ್ತು ನಿಫ್ಟಿ 22,337. ಏಪ್ರಿಲ್ 4ರಂದು 22,904. ವ್ಯತ್ಯಾಸ 567, ಭಾಗಿಸು 20, ದಿನಕ್ಕೆ 28 ಪಾಯಿಂಟು ಏರಿಕೆ. ಹಸಿರು! ಮಾರ್ಚ್ 24ಕ್ಕೆ 23,658 ಇದ್ದ ನಿಫ್ಟಿ ಅಷ್ಟರಲ್ಲಿ 750 ಪಾಯಿಂಟು ಕೆಳಗಿಳಿದಿತ್ತು. ಮಾರ್ಚ್ ಮೊದಲ ವಾರ ಅದಕ್ಕಿಂತ ಕೆಳಗಿತ್ತು ಅನ್ನುವ ಒಂದೇ ಕಾರಣಕ್ಕೆ ನನ್ನ ಫಿಲ್ಟರಿಗೆ ಅದು ಏರುತ್ತಿರುವ ಮಾರುಕಟ್ಟೆ. 50 ದಿನ, 100 ದಿನ ಹಾಕಿದರೂ ಲೆಕ್ಕ ಇದೇ, ಹೋಲಿಸುವ ತಾರೀಖು ಹಿಂದಕ್ಕೆ ಹೋಗುತ್ತದೆ ಅಷ್ಟೆ. ಎರಡು ಫಿಲ್ಟರೂ ಅವತ್ತು ಕೈ ಹಿಡಿದು ಒಳಗೆ ಕರೆಯುತ್ತಿದ್ದವು.

ಇನ್ನು ಆಫ್ ಆದ ಮೇಲಿನ ಪಾಡು. ನಷ್ಟ ಆದ ಮೇಲೆ ವಿಕ್ಸ್ 20ರ ಮೇಲೆ ಹೋಯಿತು, ಫಿಲ್ಟರ್ ಕೆಂಪು. ನಿಫ್ಟಿ ಏಪ್ರಿಲ್ 15ರಷ್ಟರಲ್ಲೇ 23,328ಕ್ಕೆ ವಾಪಸ್ ಬಂದಿತ್ತು, ನಾನು ಹೊರಗೇ ಕೂತಿದ್ದೆ. ವಿಕ್ಸ್ ಆಪ್ಷನ್ ಬೆಲೆಯಿಂದಲೇ ಹುಟ್ಟುವುದರಿಂದ, ಅದು ಕಡಿಮೆ ಇರುವ ದಿನ ಅಂದರೆ ಪ್ರೀಮಿಯಂ ತೆಳ್ಳಗಿರುವ ದಿನ. ನನ್ನ ಫಿಲ್ಟರ್ ತೆಳ್ಳಗಿದ್ದಾಗ ಮಾರಿಸುತ್ತಿತ್ತು, ದಪ್ಪ ಇದ್ದಾಗ ತಡೆಯುತ್ತಿತ್ತು. ಅದು ಹಿಡಿಯುವುದು ಜನಕ್ಕೆ ಮೊದಲೇ ಗೊತ್ತಿರುವ ಭಯವನ್ನು. 2024ರ ಚುನಾವಣಾ ಫಲಿತಾಂಶಕ್ಕೆ ತಾರೀಖು ನಿಗದಿಯಾಗಿತ್ತು. ಹಿಂದಿನ ದಿನ, ಜೂನ್ 3ರಂದೇ, ವಿಕ್ಸ್ 20ರ ಮೇಲಿತ್ತು, ಫಿಲ್ಟರ್ ಸರಿಯಾಗಿ ಬಂದ್. ಶುಕ್ರವಾರ ರಾತ್ರಿ ಬರುವ ಸುದ್ದಿಗೆ ಕ್ಯಾಲೆಂಡರ್ ಇಲ್ಲ. ಮುನಿರಾಬಾದಿನ ಹತ್ತಿರದವರಿಗೆ ಬೇರೆ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ರಾತ್ರೋರಾತ್ರಿ ಕೊಚ್ಚಿಹೋದಾಗ ನೀರಿನ ಮಟ್ಟದ ಪಟ್ಟಿ ಮುಂಚಿತವಾಗಿ ಏನನ್ನೂ ಹೇಳಿರಲಿಲ್ಲ.

ಈಗ ನಾನು ಮಾರುವುದು ಬಿಟ್ಟಿಲ್ಲ. ಆದರೆ ರಾತ್ರಿ ದಾಟಿಸುವುದಾದರೆ 22,400 ಪುಟ್ ಮಾರಿದರೆ 22,200 ಪುಟ್ ಕೊಳ್ಳುತ್ತೇನೆ, ಕಾಲ್ ಕಡೆಯೂ ಹಾಗೇ 200 ಪಾಯಿಂಟು ಬಿಟ್ಟು. ಏಪ್ರಿಲ್ 4ರಂದು ಹೀಗೆ ಮಾಡಿದ್ದರೆ, ನಿಫ್ಟಿ ಎಲ್ಲಿಗೇ ಬಿದ್ದರೂ ಎರಡು ಲಾಟಿಗೆ ಹೋಗುತ್ತಿದ್ದದ್ದು 200 ಗುಣಿಸು 150, ಅಂದರೆ ಹೆಚ್ಚೆಂದರೆ 30,000, ಅದರಲ್ಲಿ ಸಿಕ್ಕ ಪ್ರೀಮಿಯಂ ಕಳೆದು. ಬರುವ ಪ್ರೀಮಿಯಂ ಅರ್ಧಕ್ಕೂ ಕೆಳಗೆ ಇಳಿದಿದೆ, ಕೆಲವು ವಾರ ಬ್ರೋಕರೇಜ್ ಕಳೆದರೆ ಏನೂ ಉಳಿಯುವುದಿಲ್ಲ. ವಿಕ್ಸ್ ಕಾಲಂ ಶೀಟಿನಲ್ಲಿ ಇನ್ನೂ ಇದೆ. ಹೆಸರು ಮಾತ್ರ `vix_close` ಅಲ್ಲ, `vix_1515_prev`. ಪ್ರತಿ ಕಾಲಮಿನ ಹೆಸರಲ್ಲೂ ಆ ಅಂಕಿ ಹುಟ್ಟಿದ ಹೊತ್ತು ಬರೆಯಬೇಕು ಅಂತ ತಂಗಿ ತಾಕೀತು ಮಾಡಿದ್ದಾಳೆ, ಬರೆಯುತ್ತಿದ್ದೇನೆ.